ಜಾರ್ ಒಡೆದ ಲೆಕ್ಕ, ಸಂಬಳದ ಲೆಕ್ಕ

ನಾಗಮ್ಮ (ಹೆಸರು ಬದಲಿಸಿದೆ), 38 ವರ್ಷ, ಯಾದಗಿರಿ ಕಡೆಯವರು. ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೂರು ಮನೆಗೆ ಕೆಲಸಕ್ಕೆ ಹೋಗುತ್ತಿದ್ದರು. ಅದರಲ್ಲಿ ಒಂದು ಮನೆಯ ಅಡುಗೆ, ಪಾತ್ರೆ, ಕಸಮುಸುರೆಗೆಲ್ಲ ಸೇರಿ ತಿಂಗಳಿಗೆ ₹9,000. ಆಗಸ್ಟ್ 18ರಂದು ಮಿಕ್ಸಿ ಜಾರ್ ಕೈಜಾರಿ ಒಡೆಯಿತು, ಅಲ್ಲಿಗೆ ಕೆಲಸವೂ ಹೋಯಿತು. ಜುಲೈ ಸಂಬಳ ಇನ್ನೂ ಬಂದಿರಲಿಲ್ಲ. ಕೇಳಿದ್ದಕ್ಕೆ, “ಅಡ್ವಾನ್ಸ್ ತಗೊಂಡಿದ್ದೆಯಲ್ಲ, ಅದಕ್ಕೇ ಸರಿಹೋಯ್ತು. ಬೆಳ್ಳಿ ದೀಪ ಬೇರೆ ಕಾಣ್ತಿಲ್ಲ” ಎಂದರು. ಅಂದೇ ಸಂಜೆ ಗೇಟಿನ ಆ್ಯಪ್‌ನಲ್ಲಿ ನಾಗಮ್ಮನ ಪ್ರವೇಶ ಬಂದ್ ಆಯಿತು. ಉಳಿದೆರಡು ಮನೆಗಳಿಗೂ ಹೋಗಲಾಗದೆ ನಾಲ್ಕನೇ ದಿನ ನಮ್ಮ ಸಲಹಾ ಕೇಂದ್ರಕ್ಕೆ ಬಂದರು.

“ರೊಕ್ಕ ಹೋದ್ರ ಹೋಗ್ಲಿರಿ ಅಕ್ಕಾರ, ಕಳ್ಳಿ ಅಂದ್ರಲ್ಲ” ಎಂಬುದೇ ಅವರ ಮೊದಲ ಮಾತು. ಇಂಥ ಪ್ರಕರಣಗಳಲ್ಲಿ ಕಳವಿನ ಮಾತು ಬರುವುದು ಹೆಚ್ಚಾಗಿ ಸಂಬಳ ಕೇಳಿದ ಮೇಲೆಯೇ. ಆದ್ದರಿಂದ ಮೊದಲ ಸಲಹೆ ಭಯದ ಬಗ್ಗೆಯೇ ಇತ್ತು. ಆ ಮನೆಗೆ ಒಂಟಿಯಾಗಿ ಹೋಗಬೇಡಿ, ಗೇಟಿನಲ್ಲಿ ಜಗಳ ತೆಗೆಯಬೇಡಿ, ಓದಿ ಹೇಳಿಸಿಕೊಳ್ಳದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತಬೇಡಿ. ಅಸಾಧಾರಣ ಸಂದರ್ಭದಲ್ಲಿ ಮ್ಯಾಜಿಸ್ಟ್ರೇಟರ ಅನುಮತಿ ಪಡೆದಿದ್ದರೆ ಹೊರತು ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಹೆಂಗಸನ್ನು ಬಂಧಿಸುವಂತಿಲ್ಲ ಎಂಬುದನ್ನು ಅವರಿಗೆ ಎರಡು ಸಲ ಬಿಡಿಸಿ ಹೇಳಬೇಕಾಯಿತು.

ಆಮೇಲೆ ಲೆಕ್ಕ. ಜುಲೈಗೆ ₹9,000. ಆಗಸ್ಟಿನ 18 ದಿನಕ್ಕೆ ದಿನಕ್ಕೆ ₹300ರಂತೆ ₹5,400. ಒಟ್ಟು ₹14,400. ಅಡ್ವಾನ್ಸ್ ಪಡೆದದ್ದು ಏಪ್ರಿಲ್ ಮೊದಲ ವಾರ, ₹5,000. ಅದರಲ್ಲಿ ತಿಂಗಳಿಗೆ ಸಾವಿರದಂತೆ ಮೂರು ತಿಂಗಳು ಮುರಿದುಕೊಂಡಿದ್ದರು, ಉಳಿದದ್ದು ₹2,000. ಅದನ್ನು ಕಳೆದರೆ ಬರಬೇಕಾದದ್ದು ₹12,400. ಸಿಟ್ಟಿನಲ್ಲಿ ಅಡ್ವಾನ್ಸನ್ನು ಮುಚ್ಚಿಟ್ಟು ಪೂರ್ತಿ ಮೊತ್ತ ಕೇಳಿದರೆ, ಎದುರಿನವರು ಆ ಒಂದು ಸುಳ್ಳನ್ನು ಹಿಡಿದುಕೊಂಡು ಉಳಿದದ್ದನ್ನೂ ಅಲ್ಲಗಳೆಯುತ್ತಾರೆ.

ಪುರಾವೆ ಪಾಸ್‌ಬುಕ್ಕಿನಲ್ಲೇ ಇತ್ತು. ಏಪ್ರಿಲ್, ಮೇ, ಜೂನ್ ಸಂಬಳವಾಗಿ ಮೂರು ಸಲ ₹8,000 ಜಮೆ. ಇಷ್ಟನ್ನೇ ತೋರಿಸಿದರೆ “ಸಂಬಳವೇ ಎಂಟು ಸಾವಿರ” ಎಂದುಬಿಡಬಹುದು. ಮಾರ್ಚ್ ಸಂಬಳದ ₹9,000 ಆ ಬಾಯಿ ಮುಚ್ಚಿಸಿತು. ಮುರಿದುಕೊಂಡ ಸಾವಿರಕ್ಕೂ ಅದೇ ಸಾಕ್ಷಿ. ಆಗಸ್ಟಿನಲ್ಲಿ ಕೆಲಸ ಮಾಡಿದ್ದಕ್ಕೆ ಯಜಮಾನಿಯ ವಾಟ್ಸ್‌ಆ್ಯಪ್ ದನಿ ಸಂದೇಶಗಳಿದ್ದವು: “ನಾಳೆ ಬೇಗ ಬಾ, ಗೆಸ್ಟ್ ಬರ್ತಾರೆ.” ಕಳಿಸಿದವರು ಎರಡು ದಿನದೊಳಗಾದರೆ ಇಂಥ ಸಂದೇಶವನ್ನು ಎರಡೂ ಕಡೆಯಿಂದ ಅಳಿಸಬಹುದು. ಹಾಗಾಗಿ ಕೆಲಸ ಬಿಡಿಸಿದ ದಿನವೇ ಅವನ್ನು ತಮ್ಮ ಮನೆಯವರ ಫೋನಿಗೆ ಕಳಿಸಿಡಬೇಕು. ಆದರೆ ಹಾಗೆ ಕಳಿಸಿದ ಪ್ರತಿಯಲ್ಲಿ ಮೂಲ ಕಳಿಸಿದವರ ಹೆಸರು, ಹೊತ್ತು ಉಳಿಯುವುದಿಲ್ಲ. ಅದಕ್ಕೇ ಮೂಲ ಸಂದೇಶವಿರುವ ಫೋನನ್ನು ಮಾರಬಾರದು, ರಿಪೇರಿಗೂ ಕೊಡಬಾರದು.

ಎಲ್ಲಿಗೆ ಹೋಗುವುದು? ಠಾಣೆಯಲ್ಲಿ “ಇದು ಸಿವಿಲ್ ಮ್ಯಾಟರ್” ಎಂದು ಕಳಿಸಿದ್ದರು. ಬರೀ ಸಂಬಳ ಬಾಕಿಗೆ ಆ ಮಾತು ತಪ್ಪೂ ಅಲ್ಲ. ಕರ್ನಾಟಕದಲ್ಲಿ ಮನೆಗೆಲಸಕ್ಕೆ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿದ್ದಾರೆ, ಒಪ್ಪಿದ ದರವೇ ಅದಕ್ಕಿಂತ ಕಡಿಮೆ ಎಂಬ ತಕರಾರಿದ್ದರೆ ಕಾರ್ಮಿಕ ಇಲಾಖೆಯನ್ನು ಕೇಳಬೇಕು. ಇಲ್ಲಿ ದರದ ಜಗಳವಿರಲಿಲ್ಲ, ಒಪ್ಪಿದ್ದನ್ನೇ ಕೊಟ್ಟಿರಲಿಲ್ಲ. ಹಾಗಾಗಿ ಮೊದಲು ಸಂಬಳದ ಲೆಕ್ಕ ಬರೆದ ಒಂದು ಪುಟದ ಪತ್ರ ಸ್ಪೀಡ್ ಪೋಸ್ಟಿನಲ್ಲಿ ಹೋಯಿತು, ಏಳು ದಿನದ ಗಡುವಿನೊಂದಿಗೆ. ಅದರಲ್ಲಿ “ಕೋರ್ಟಿಗೆ ಎಳೆಯುತ್ತೇವೆ” ಎಂಬ ಮಾತಿರಲಿಲ್ಲ. ಉತ್ತರ ಬರಲಿಲ್ಲ. ಪತ್ರದ ನಕಲು, ಅಂಚೆ ರಸೀದಿ, ಪಾಸ್‌ಬುಕ್ ಜೆರಾಕ್ಸ್ ಹಿಡಿದು ಕೋರ್ಟ್ ಆವರಣದ ಕಾನೂನು ಸೇವಾ ಪ್ರಾಧಿಕಾರದಲ್ಲಿ ದಾವೆ ಹೂಡುವ ಮೊದಲೇ ರಾಜಿಗೆ ಕರೆಸಲು ಕೊಡುವ ವ್ಯಾಜ್ಯಪೂರ್ವ ಅರ್ಜಿ ಕೊಡಿಸಿದೆವು. ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ಅಲ್ಲಿ ವಕೀಲರ ನೆರವು ಉಚಿತ. ಫೋನಿನಲ್ಲಿ ಕೇಳುವವರಿಗೆ 15100. ಒಂದು ಮಿತಿಯನ್ನು ಮೊದಲೇ ತಿಳಿಸಿದ್ದೆವು: ರಾಜಿಗೆ ಎದುರಿನವರನ್ನು ಬಲವಂತವಾಗಿ ಕೂರಿಸಲಾಗದು. ಅವರು ಬರದಿದ್ದರೆ ಮೂರು ವರ್ಷದೊಳಗೆ ಸಿವಿಲ್ ದಾವೆಯೇ ದಾರಿ.

ಪ್ರಾಧಿಕಾರದ ಎರಡನೇ ನೋಟಿಸಿಗೆ ಯಜಮಾನರು ಬಂದರು. ಒಡೆದ ಜಾರ್‌ಗೆಂದು ₹1,800 ಕಳೆಯಬೇಕೆಂದರು, ಬಿಲ್ ಇರಲಿಲ್ಲ. ಕೊನೆಗೆ ₹400 ಬಿಟ್ಟುಕೊಟ್ಟು ₹12,000ಕ್ಕೆ ಮುಗಿಯಿತು, ₹6,000ದಂತೆ ಎರಡು ಕಂತು, ಎರಡೂ ಬ್ಯಾಂಕ್ ಖಾತೆಗೇ. ಕೆಲಸದಿಂದ ಬಿಡಿಸಿದ್ದಕ್ಕೆ ಒಂದು ತಿಂಗಳ ಸಂಬಳ ಹೆಚ್ಚುವರಿ ಕೊಡಿಸಿ ಎಂದೂ ನಾಗಮ್ಮ ಕೇಳಿದ್ದರು. ಅಂಥ ಕರಾರು ಇರಲಿಲ್ಲವಾದ್ದರಿಂದ ಅದನ್ನು ಕೈಬಿಡಲು ಹೇಳಿದೆವು. ರಾಜಿ ಪತ್ರ ಲೋಕ ಅದಾಲತ್ತಿನ ಆದೇಶವಾಯಿತು. ಅದು ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಕಂತು ತಪ್ಪಿದರೆ ಜಾರಿಗೆ ಹಾಕಬಹುದು, ಅದರ ಮೇಲೆ ಅಪೀಲಿಲ್ಲ.

ಹಣಕ್ಕಿಂತ ಹೆಚ್ಚು ಹೊತ್ತು ಹಿಡಿದದ್ದು ರಾಜಿ ಪತ್ರದ ಕೊನೆಯ ಎರಡು ಸಾಲು. ನಾಗಮ್ಮನ ಮೇಲೆ ಕಳವಿನ ಆರೋಪವಿಲ್ಲ ಎಂಬುದು ಒಂದು. ಗೇಟಿನ ಆ್ಯಪ್‌ನಲ್ಲಿ ಹಾಕಿಸಿದ ತಡೆಯನ್ನು ಮೂರು ದಿನದೊಳಗೆ ತೆಗೆಸಬೇಕು ಎಂಬುದು ಇನ್ನೊಂದು. ಎರಡನೇ ದಿನಕ್ಕೇ ತೆರೆಯಿತು. ಉಳಿದೆರಡು ಮನೆಗಳಲ್ಲಿ ಒಂದು ಮನೆಯವರು ಅಷ್ಟರಲ್ಲಿ ಬೇರೆಯವರನ್ನು ಇಟ್ಟುಕೊಂಡಿದ್ದರು.