ಚುಕ್ಕಿ ಪಕ್ಕದ ಬೀದಿಗೆ ಜಾರುವುದು

"ಮಂಡಿಪೇಟೆಯಲ್ಲಿ ನಿಂತು ಲೊಕೇಶನ್ ಕಳಿಸಿದರೆ ಪಕ್ಕದ ಬೀದಿ ತೋರಿಸುತ್ತೆ. ಫೋನ್ ಕೆಟ್ಟಿದೆಯಾ?"

ಸಿಗ್ನಲ್ ಗೋಡೆಗೆ ಬಡಿದು ಸುತ್ತಿ ಬರುತ್ತಿರಬೇಕು. ಉಪಗ್ರಹದಿಂದ ಸಿಗ್ನಲ್ ಬರಲು ಹಿಡಿದ ಸಮಯ ನೋಡಿ ಫೋನ್ ದೂರ ಲೆಕ್ಕ ಹಾಕುತ್ತದೆ. ಕನಿಷ್ಠ 4 ಉಪಗ್ರಹ ಬೇಕು. ಎದುರಿನ ಕಟ್ಟಡಕ್ಕೆ ಬಡಿದ ಸಿಗ್ನಲ್ 30 ಮೀಟರ್ ಜಾಸ್ತಿ ಓಡಿತು ಅಂದುಕೊಳ್ಳಿ. ತಡವಾಗುವುದು ಸೆಕೆಂಡಿನ ಕೋಟಿಯಲ್ಲೊಂದು ಭಾಗ ಅಷ್ಟೇ. ಆದರೂ ಆ ಉಪಗ್ರಹ ಇನ್ನೂ 30 ಮೀಟರ್ ಆಚೆಗಿದೆ ಅಂತ ಫೋನ್ ನಂಬುತ್ತದೆ, ಚುಕ್ಕಿ ಜಾರುತ್ತದೆ.

ಆಂಡ್ರಾಯ್ಡ್ ಆದರೆ ಮೊದಲು ಸೆಟ್ಟಿಂಗ್ಸ್‌ನ Location ಒಳಗೆ Location Accuracy ಆನ್ ಮಾಡಿ. ಆಮೇಲೆ ಆಕಾಶ ಅಗಲವಾಗಿ ಕಾಣುವ ಸರ್ಕಲ್‌ನಲ್ಲಿ ಒಂದು ನಿಮಿಷ ನಿಲ್ಲಿ. ಚುಕ್ಕಿ ಸುತ್ತಲಿನ ತಿಳಿನೀಲಿ ವೃತ್ತ ಕುಗ್ಗಿ, ಜಾಗ ಸರಿಯಾದರೆ ಫೋನ್ ಚೆನ್ನಾಗಿದೆ, ಗೋಡೆಗಳದ್ದೇ ಕಾಟ. ಗಲ್ಲಿಯೊಳಗೆ ಪೂರ್ತಿ ಸರಿಹೋಗುತ್ತೆ ಅಂತ ಹೇಳಲಾರೆ. ಅಲ್ಲಿ ಮ್ಯಾಪ್‌ನಲ್ಲಿ ಅಂಗಡಿಯ ಮೇಲೆ ಬೆರಳೊತ್ತಿ ಹಿಡಿದು ಪಿನ್ ಹಾಕಿ, ಅದನ್ನೇ ಕಳಿಸಿ.