ತಲೆನೋವಿಗೆ ಬಿಪಿ ಕಾರಣವೋ, ಬಿಪಿಗೆ ತಲೆನೋವು ಕಾರಣವೋ

ಪ್ರಶ್ನೆ: ನಮ್ಮ ತಂದೆಗೆ 56 ವರ್ಷ, ದಿನಾ ಬೆಳಿಗ್ಗೆ ಒಂದು ಬಿಪಿ ಮಾತ್ರೆ ತಗೊಳ್ತಾರೆ. ವಾರಕ್ಕೆ ಮೂರು ನಾಲ್ಕು ದಿನ ತಲೆನೋವು ಅಂತಾರೆ. ಆಗ ಮನೆ ಮಿಷನ್‌ನಲ್ಲಿ ನೋಡಿದ್ರೆ 158/96, 160/98 ಹೀಗೆ ಇರುತ್ತೆ. ಬಿಪಿಯಿಂದಲೇ ತಲೆನೋವು ಅಲ್ವಾ? ಅಂಥ ದಿನ ಇನ್ನೊಂದು ಮಾತ್ರೆ ಕೊಡಬಹುದಾ?

ಕೊಡಬೇಡಿ. ಆ ಅಂಕಿಗೆ ತಲೆ ನೋಯೋದಿಲ್ಲ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಕ್ಲಿನಿಕ್ ನಡೆಸ್ತಿರೋ ಫಿಸಿಷಿಯನ್. ತಲೆ ಹಿಡಿದುಕೊಂಡೇ ಒಳಗೆ ಬಂದು ‘ಬಿಪಿ ಏರಿದೆ ಸಾರ್’ ಅನ್ನೋರನ್ನ ದಿನಾ ನೋಡ್ತೀನಿ. ಬಿಪಿ ಏರಿರೋದೂ ನಿಜ, ತಲೆ ನೋಯ್ತಿರೋದೂ ನಿಜ. ಆದರೆ ಹೆಚ್ಚಿನವರಲ್ಲಿ ಅದು ಏರಿರೋದು ತಲೆ ನೋಯ್ತಿದೆ ಅಂತ. ಹಲ್ಲು ನೋವಿರಲಿ, ಕಾಲು ಉಳುಕಿರಲಿ, ನೋವು ಬಂದಾಗ ಹೃದಯದ ಬಡಿತ ಜಾಸ್ತಿಯಾಗುತ್ತೆ, ರಕ್ತನಾಳ ಬಿಗಿಯಾಗುತ್ತೆ, ಹತ್ತಿಪ್ಪತ್ತು ಅಂಕ ಮೇಲೇರುತ್ತೆ. ಅದರ ಮೇಲೆ 158 ನೋಡಿ ಹೆದರಿ, ಐದು ನಿಮಿಷಕ್ಕೊಮ್ಮೆ ಪಟ್ಟಿ ಕಟ್ಟಿದ್ರೆ 165 ಬರೋದೂ ಸಹಜ.

ಒಂದು ಉದಾಹರಣೆ ಹೇಳ್ತೀನಿ. ನಲವತ್ತೆಂಟು ವರ್ಷದ ಬಸ್ ಕಂಡಕ್ಟರ್ ಒಬ್ಬರು ನಿಮ್ಮ ತಂದೆಯ ಹಾಗೇ ಬಂದಿದ್ದರು. ದಿನಾ 5 ಮಿಲಿಗ್ರಾಂ ಆಮ್ಲೋಡಿಪಿನ್. ತಲೆನೋವಿನ ದಿನ ತಾವೇ ಇನ್ನೊಂದು ನುಂಗ್ತಿದ್ದರು. ‘ಗಂಟೆಯೊಳಗೆ ನೋವು ಇಳಿಯುತ್ತೆ ಸಾರ್, ಅಂದ್ಮೇಲೆ ಬಿಪಿಯದ್ದೇ ತಾನೆ?’ ಅಂದ್ರು. ತರ್ಕ ಚೆನ್ನಾಗಿದೆ, ಆದರೆ ಆ ಮಾತ್ರೆಗೆ ಅಷ್ಟು ಅವಸರ ಇಲ್ಲ. ನುಂಗಿದ ಮೇಲೆ ಅದು ರಕ್ತದಲ್ಲಿ ಪೂರ್ತಿ ಮಟ್ಟಕ್ಕೆ ಬರೋಕೆ 6ರಿಂದ 12 ಗಂಟೆ ಬೇಕು. ಒಂದು ಗಂಟೆಯಲ್ಲಿ ನೋವು ಇಳಿದಿದ್ದು ಅದರಿಂದ ಅಲ್ಲ, ಜೊತೆಗೆ ನುಂಗಿದ್ದ ನೋವಿನ ಮಾತ್ರೆಯಿಂದ. ಆ ನೋವಿನ ಮಾತ್ರೆಯ ಸುದ್ದಿಯನ್ನ ಅವರು ಹೇಳಿರಲೇ ಇಲ್ಲ, ಅದೂ ಒಂದು ಔಷಧಿ ಅಂತ ಅವರಿಗೆ ಅನಿಸಿರಲಿಲ್ಲ. ಇನ್ನೊಂದು ತಮಾಷೆ: ಆಮ್ಲೋಡಿಪಿನ್ ರಕ್ತನಾಳ ಹಿಗ್ಗಿಸೋ ಮಾತ್ರೆ, ಡೋಸ್ ಜಾಸ್ತಿಯಾದ್ರೆ ಕೆಲವರಿಗೆ ಅದರಿಂದಲೇ ತಲೆನೋವು ಬರುತ್ತೆ.

ಅವರಿಗೆ ನಾನು ಕೊಟ್ಟಿದ್ದು ಹೊಸ ಮಾತ್ರೆ ಅಲ್ಲ, ಒಂದು ಕೆಲಸ. ಎರಡು ವಾರ, ತಲೆನೋವು ಇರಲಿ ಬಿಡಲಿ, ಬೆಳಿಗ್ಗೆ ಮಾತ್ರೆಗೆ ಮುಂಚೆ ಒಮ್ಮೆ, ರಾತ್ರಿ ಊಟಕ್ಕೆ ಮುಂಚೆ ಒಮ್ಮೆ ಬಿಪಿ ನೋಡಿ ಬರೆಯಬೇಕು. ಪಕ್ಕದಲ್ಲಿ ತಲೆನೋವಿಗೆ ಸೊನ್ನೆಯಿಂದ ಹತ್ತರವರೆಗೆ ಒಂದು ಅಂಕ. ಎಲ್ಲರೂ ಮಾಡೋ ತಪ್ಪು ಇಲ್ಲೇ ಇದೆ: ನೋವು ಬಂದಾಗ ಮಾತ್ರ ಮಿಷನ್ ತೆಗೀತಾರೆ, ಆರಾಮಾಗಿರೋ ದಿನ ಅದು ಬೀರುವಿನಲ್ಲಿರುತ್ತೆ. ಹಾಗಾಗಿ ತಲೆನೋವಿನ ಜೊತೆ ಯಾವಾಗಲೂ ಬಿಪಿಯೇ ಸಿಗುತ್ತೆ. ಕಂಡಕ್ಟರ್ ತಂದ ಪುಸ್ತಕದಲ್ಲಿ ತಲೆನೋವಿನ ದಿನ ಸರಾಸರಿ 156, ಇಲ್ಲದ ದಿನ 151. ಎಲ್ಲಕ್ಕಿಂತ ಹೆಚ್ಚು, 168, ಬಂದಿದ್ದು ತಂಗಿ ಮಗಳ ಮದುವೆಯ ರಾತ್ರಿ. ಅವತ್ತು ತಲೆನೋವು ಸೊನ್ನೆ.

ಆ ಪುಸ್ತಕ ಎರಡು ವಿಷಯ ಹೇಳ್ತು. ಬಿಪಿ ಹತೋಟಿಯಲ್ಲಿಲ್ಲ, ಅದಕ್ಕೆ ಬೇರೆ ಚಿಕಿತ್ಸೆ ಬೇಕು. ತಲೆನೋವು ಅದರದ್ದಲ್ಲ, ಅದಕ್ಕೆ ಬೇರೆ ಕಾರಣ ಹುಡುಕಬೇಕು. ಹುಡುಕಿದಾಗ ಸಿಕ್ಕಿದ್ದು ಅದೇ ನೋವಿನ ಮಾತ್ರೆ: ಪ್ಯಾರಾಸಿಟಮಾಲ್, ಡೈಕ್ಲೋಫೆನಾಕ್, ಕೆಫೀನ್ ಮೂರೂ ಸೇರಿದ್ದು, ವಾರಕ್ಕೆ ನಾಲ್ಕು ದಿನ. ಇಂಥ ಮಿಶ್ರಣವನ್ನ ತಿಂಗಳಿಗೆ ಹತ್ತು ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ತಗೊಳ್ತಾ ಹೋದ್ರೆ ಮಾತ್ರೆಯೇ ತಲೆನೋವು ತರಿಸೋಕೆ ಶುರು ಮಾಡುತ್ತೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳು ಸಾಲದ್ದಕ್ಕೆ ಮೈಯಲ್ಲಿ ಉಪ್ಪು ನೀರು ಹಿಡಿದಿಟ್ಟು ಬಿಪಿಯನ್ನೂ ಏರಿಸುತ್ತವೆ, ಎಷ್ಟೋ ಬಿಪಿ ಮಾತ್ರೆಗಳ ಬಲವನ್ನೂ ಕುಗ್ಗಿಸುತ್ತವೆ. ಅಂದ್ರೆ ಎರಡಕ್ಕೂ ಬೇರು ಒಂದೇ ಸ್ಟ್ರಿಪ್ಪಿನಲ್ಲಿತ್ತು. ಅದನ್ನ ನಿಲ್ಲಿಸಿದ ಮೊದಲ ಹತ್ತು ದಿನ ತಲೆನೋವು ಜಾಸ್ತಿಯೇ ಆಯ್ತು, ನನ್ನನ್ನ ಚೆನ್ನಾಗಿ ಬೈದುಕೊಂಡ್ರು. ಎರಡನೇ ತಿಂಗಳ ಹೊತ್ತಿಗೆ ನೋವು ತಿಂಗಳಿಗೆ ಎರಡು ಮೂರು ದಿನಕ್ಕೆ ಇಳೀತು.

ಬಿಪಿ ಇದ್ರೆ ತಲೆನೋವು ಅನ್ನೋ ನಂಬಿಕೆ ವೈದ್ಯರಲ್ಲೂ ಬಹಳ ಕಾಲ ಇತ್ತು. 1953ರಲ್ಲಿ ಸ್ಟೀವರ್ಟ್ ಅನ್ನೋ ವೈದ್ಯರು ಬಿಪಿ ಹೆಚ್ಚಿರೋ ರೋಗಿಗಳನ್ನೇ ಎರಡು ಗುಂಪು ಮಾಡಿ ನೋಡಿದ್ರು. ತಮಗೆ ಬಿಪಿ ಇದೆ ಅಂತ ಗೊತ್ತಿದ್ದವರಲ್ಲಿ ಬಹುಪಾಲು ಜನ ತಲೆನೋವು ಅಂದ್ರು, ಗೊತ್ತಿಲ್ಲದವರಲ್ಲಿ ಐದಕ್ಕೆ ಒಬ್ಬರೂ ಅನ್ನಲಿಲ್ಲ. ನಾರ್ವೆಯಲ್ಲಿ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಜನರ ಬಿಪಿ ಅಳೆದು, ಹನ್ನೊಂದು ವರ್ಷ ಬಿಟ್ಟು ತಲೆನೋವಿನ ಬಗ್ಗೆ ಕೇಳಿದ ಅಧ್ಯಯನ 2002ರಲ್ಲಿ ಬಂತು. ಮೇಲಿನ ಅಂಕಿ 150 ಅಥವಾ ಅದಕ್ಕಿಂತ ಹೆಚ್ಚಿದ್ದವರಲ್ಲಿ ಮೈಗ್ರೇನ್ ಅಲ್ಲದ ತಲೆನೋವು, 140ಕ್ಕಿಂತ ಕಡಿಮೆ ಇದ್ದವರಿಗಿಂತ ಸುಮಾರು 30 ಪ್ರತಿಶತ ಕಡಿಮೆ ಇತ್ತು. ಕಡಿಮೆ, ಹೆಚ್ಚಲ್ಲ!

ಇದು ಯಾಕೆ ಹೀಗೆ ಅಂತ ತಿಳಿದ್ರೆ, ಯಾವಾಗ ಹೆದರಬೇಕು ಅನ್ನೋದೂ ತಿಳಿಯುತ್ತೆ. ಹೃದಯದಿಂದ ಬರೋ ಒತ್ತಡ ನೇರವಾಗಿ ಮೆದುಳಿಗೆ ತಟ್ಟೋದಿಲ್ಲ. ತೋಟದಲ್ಲಿ ಮೋಟರಿನ ಒತ್ತಡ ಜಾಸ್ತಿಯಾದಾಗ ಒಂದೊಂದು ಸಾಲಿನ ಗೇಟ್‌ವಾಲ್ವ್ ತಾನಾಗಿಯೇ ಸ್ವಲ್ಪ ಬಿಗಿಯಾಗೋ ಹಾಗಿದ್ರೆ ಹೇಗಿರುತ್ತೋ, ಮೆದುಳಿನ ಸಣ್ಣ ರಕ್ತನಾಳಗಳು ಹಾಗೇ ಇವೆ. ಒತ್ತಡ ಏರಿದ್ರೆ ಸಂಕುಚಿಸುತ್ತವೆ, ಇಳಿದ್ರೆ ಹಿಗ್ಗುತ್ತವೆ, ಒಳಗೆ ಹರಿಯೋ ರಕ್ತ ಹೆಚ್ಚೂ ಕಡಿಮೆ ಅಷ್ಟೇ ಇರುತ್ತೆ. 158 ಅವಕ್ಕೆ ಲೆಕ್ಕಕ್ಕೇ ಇಲ್ಲ. ಒತ್ತಡ ಅವುಗಳ ಕೈ ಮೀರಿದಾಗ ಮಾತ್ರ ನಾಳದ ಗೋಡೆಯಿಂದ ನೀರು ಹೊರಗೆ ಸೋರಿ ಮೆದುಳು ಊದಿಕೊಳ್ಳುತ್ತೆ. ಬಿಪಿಯ ನಿಜವಾದ ತಲೆನೋವು ಅದು. ತಲೆನೋವುಗಳ ಅಂತರರಾಷ್ಟ್ರೀಯ ವರ್ಗೀಕರಣದಲ್ಲಿ ಇದಕ್ಕೆ ಇಟ್ಟಿರೋ ಗಡಿ 180/120. ಅದಕ್ಕಿಂತ ಕೆಳಗಿನ ದೀರ್ಘಕಾಲದ ಬಿಪಿಯಿಂದ ತಲೆನೋವು ಬರೋ ಹಾಗೆ ಕಾಣೋದಿಲ್ಲ ಅಂತಲೇ ಅದು ಹೇಳುತ್ತೆ.

ಈ ಗಡಿ ಎಲ್ಲರಿಗೂ ಒಂದೇ ಅಲ್ಲ. ಹತ್ತಾರು ವರ್ಷದಿಂದ ಬಿಪಿ ಇರೋರ ನಾಳಗಳು ದಪ್ಪವಾಗಿ ಹೆಚ್ಚಿನ ಒತ್ತಡಕ್ಕೆ ಒಗ್ಗಿಕೊಂಡಿರುತ್ತವೆ. 200 ಇಟ್ಟುಕೊಂಡು ಸೈಕಲ್ ತುಳಿದು ಬಂದು ‘ಮಂಡಿ ನೋವು ಸಾರ್’ ಅನ್ನೋರನ್ನ ನೋಡಿದ್ದೀನಿ. ಆದರೆ ಯಾವತ್ತೂ ಬಿಪಿ ಇಲ್ಲದವರಿಗೆ ಇದ್ದಕ್ಕಿದ್ದಂತೆ ಏರಿದ್ರೆ ಕಡಿಮೆ ಅಂಕಿಯೂ ಅಪಾಯ. ಒಮ್ಮೆ ಹೆರಿಗೆಯಾಗಿ ಎಂಟು ದಿನದ ಬಾಣಂತಿಯನ್ನ ಕರ್ಕೊಂಡು ಬಂದಿದ್ದರು. ತಲೆಗೆ ಬಿಗಿಯಾಗಿ ಬಟ್ಟೆ, ಕಿವಿಗೆ ಹತ್ತಿ. ಗಾಳಿ ಹೊಕ್ಕಿದೆ, ನಿದ್ದೆ ಇಲ್ಲ, ಅದಕ್ಕೆ ತಲೆನೋವು ಅಂತ ಅವರಮ್ಮ ಹೇಳ್ತಿದ್ದರು. ಹುಡುಗಿ ಮಾತ್ರ ‘ಕಣ್ಣ ಮುಂದೆ ಮಿಂಚಿದ ಹಾಗಾಗುತ್ತೆ’ ಅಂದಳು. ಬಿಪಿ 164/112. ತಾಯಿ ಕಾರ್ಡ್ ತೆಗೆದು ನೋಡಿದ್ರೆ ಮೂರನೇ ತಿಂಗಳಲ್ಲಿ 104/66. ನಿಮ್ಮ ತಂದೆಯ ಅಂಕಿಗೂ ಇದಕ್ಕೂ ಮೇಲ್ನೋಟಕ್ಕೆ ಹೆಚ್ಚು ಅಂತರ ಇಲ್ಲ, ಆದರೆ ಆಕೆಗೆ ಅದು ಫಿಟ್ಸ್ ಬರೋಕೆ ಮುಂಚಿನ ಹಂತ. ಮೆಗ್ನೀಷಿಯಂ ಸಲ್ಫೇಟ್ ಇಂಜೆಕ್ಷನ್, ಬಿಪಿಗೆ ಔಷಧಿ ಕೊಟ್ಟು ಆಂಬುಲೆನ್ಸ್‌ನಲ್ಲಿ ಜಿಲ್ಲಾ ಆಸ್ಪತ್ರೆಗೆ ಕಳಿಸಿದ್ವಿ, ಗುಣವಾಗಿ ಬಂದಳು. ಐದು ತಿಂಗಳು ತುಂಬಿದ ಗರ್ಭಿಣಿ ಅಥವಾ ಹೆರಿಗೆಯಾಗಿ ಆರು ವಾರದೊಳಗಿನ ಬಾಣಂತಿಗೆ ತಲೆನೋವಿನ ಜೊತೆ 140/90 ದಾಟಿದ್ರೂ ಅವತ್ತೇ ಆಸ್ಪತ್ರೆಗೆ ಹೋಗಬೇಕು. 160/110 ಆದ್ರೆ ಒಂದು ನಿಮಿಷವೂ ಕಾಯೋ ಹಾಗಿಲ್ಲ.

ನಿಮ್ಮ ತಂದೆಗೆ ಯಾವತ್ತಾದ್ರೂ 180/120 ದಾಟಿದ್ರೆ ಮೊದಲು ಅವರನ್ನ ನೋಡಿ, ಆಮೇಲೆ ಮಿಷನ್ ನೋಡಿ. ಮಾತು ತೊದಲ್ತಿದೆಯಾ, ತಬ್ಬಿಬ್ಬಾಗಿದ್ದಾರಾ, ಮಂಪರು, ಕಣ್ಣು ಮಂಜು, ಒಂದು ಕಡೆ ಕೈಕಾಲಿಗೆ ಬಲ ಇಲ್ಲ, ಎದೆ ನೋವು, ಉಬ್ಬಸ, ನಿಲ್ಲದ ವಾಂತಿಯ ಜೊತೆ ಏರ್ತಾ ಹೋಗೋ ತಲೆನೋವು? ಇದರಲ್ಲಿ ಒಂದಿದ್ರೂ 108ಕ್ಕೆ ಫೋನ್ ಮಾಡಿ, ಎರಡನೇ ಸಲ ಅಳೆಯೋಕೆ ಕೂರಬೇಡಿ. ಯಾವುದೂ ಇಲ್ಲದಿದ್ರೆ ಅರ್ಧ ಗಂಟೆ ಆರಾಮಾಗಿ ಕೂರಿಸಿ ಮತ್ತೆ ಅಳೀರಿ, ಬಹಳ ಸಲ ತಾನಾಗಿಯೇ ಇಳಿದಿರುತ್ತೆ. ಇಳಿಯದಿದ್ರೆ ಅವತ್ತು ಅಥವಾ ಮಾರನೇ ದಿನ ಡಾಕ್ಟರಿಗೆ ತೋರಿಸಿ. ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡಿ ಕ್ಷಣದಲ್ಲಿ ಬಿಪಿ ಇಳಿಸೋ ಹಳೇ ಪದ್ಧತಿ ಮಾತ್ರ ಬೇಡವೇ ಬೇಡ. ಹೆಚ್ಚಿನ ಒತ್ತಡಕ್ಕೆ ಒಗ್ಗಿದ ನಾಳಗಳಿಗೆ ಒತ್ತಡ ದಿಢೀರ್ ಇಳಿದ್ರೆ ಮೆದುಳಿಗೆ ರಕ್ತ ಸಾಲದೆ ಸ್ಟ್ರೋಕ್ ಆಗಬಹುದು. ಐಸಿಯುನಲ್ಲೂ ಸಾಮಾನ್ಯವಾಗಿ ಮೊದಲ ಗಂಟೆಯಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಳಿಸೋದಿಲ್ಲ.

ಬಿಪಿಗೆ ಸಂಬಂಧ ಇಲ್ಲದೆಯೂ ಓಡಬೇಕಾದ ತಲೆನೋವು ಒಂದಿದೆ: ಸಿಡಿಲು ಬಡಿದ ಹಾಗೆ ಒಂದು ನಿಮಿಷದೊಳಗೆ ತಾರಕಕ್ಕೇರೋದು. ಮೆದುಳಿನ ಸುತ್ತ ರಕ್ತ ಸೋರಿರಬಹುದು, ಮಿಷನ್ 130 ತೋರಿಸಿದ್ರೂ ನಂಬಬೇಡಿ.

ಇದನ್ನೆಲ್ಲ ಓದಿ 158ನ್ನ ಹಗುರವಾಗಿ ತಗೋಬೇಡಿ. ತಲೆನೋವು ಬರಿಸದೆ ಸದ್ದಿಲ್ಲದೆ ಕಿಡ್ನಿ, ಹೃದಯ ಕೆಡಿಸೋದೇ ಅದರ ಗುಣ. ‘ತಲೆ ನೋಯ್ತಿಲ್ಲ, ಹಾಗಾಗಿ ಮಾತ್ರೆ ಬಿಟ್ಟೆ’ ಅಂತ ಬಂದು ಡಯಾಲಿಸಿಸ್‌ವರೆಗೆ ಹೋದವರಿದ್ದಾರೆ. ದಿನದ ಮಾತ್ರೆ ತಪ್ಪಿಸಬೇಡಿ, ಕಂಡಕ್ಟರ್ ಹಾಗೇ ಎರಡು ವಾರ ಬರೆದಿಡಿ. ಮೂತ್ರಕ್ಕೆ ಹೋಗಿ ಬಂದು, ಕಾಫಿ ಕುಡಿದು ಅರ್ಧ ಗಂಟೆ ಕಳೆದ ಮೇಲೆ, ಕುರ್ಚಿಗೆ ಬೆನ್ನು ಒರಗಿಸಿ ಐದು ನಿಮಿಷ ಮಾತಿಲ್ಲದೆ ಕೂತು ಅಳೆಯಬೇಕು. ತೋಳು ಮೇಜಿನ ಮೇಲೆ ಎದೆಯ ಮಟ್ಟಕ್ಕಿರಲಿ, ಹತ್ತು ಸೆಂಟಿಮೀಟರ್ ಕೆಳಗಿದ್ರೆ ಏಳೆಂಟು ಅಂಕ ಸುಳ್ಳೇ ಸೇರುತ್ತೆ. ಸರಾಸರಿ 135/85 ದಾಟಿದ್ರೆ ಪುಸ್ತಕ ತಗೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ, ಡೋಸ್ ಅವರು ಬದಲಾಯಿಸ್ತಾರೆ. ತಲೆನೋವು ಎದ್ದ ಕೂಡಲೇ ಇರುತ್ತೆ, ರಾತ್ರಿ ಗೊರಕೆ ಜೋರು ಅಂತಾದ್ರೆ ಅದನ್ನೂ ಹೇಳಿ, ನಿದ್ದೆಯಲ್ಲಿ ಉಸಿರು ಕಟ್ಟೋ ತೊಂದರೆ ತಲೆನೋವು, ಬಿಪಿ ಎರಡಕ್ಕೂ ಕಾರಣ ಆಗಬಹುದು. ಅದಕ್ಕೂ ಮುಂಚೆ ಅಪ್ಪನ ಅಂಗಿ ಜೇಬಲ್ಲಿ ಯಾವ ನೋವಿನ ಮಾತ್ರೆಯ ಸ್ಟ್ರಿಪ್ ಇದೆ, ವಾರಕ್ಕೆ ಎಷ್ಟು ಖಾಲಿಯಾಗುತ್ತೆ ಅಂತ ನೋಡಿ ಇಲ್ಲಿ ಬರೀರಿ.