30 ಲಕ್ಷದ ಎಜುಕೇಶನ್ ಲೋನ್, ಇಎಂಐ ಶುರುವಾಗುವಾಗ 37.71 ಲಕ್ಷ?

ಪ್ರಶ್ನೆ: ನಮ್ಮದು ಗೋಕಾಕ. ತಮ್ಮ ಅಮೆರಿಕದಲ್ಲಿ ಎಂ.ಎಸ್. ಮುಗಿಸಿದ. ಸರ್ಕಾರಿ ಬ್ಯಾಂಕಿನಿಂದ ತಗೊಂಡಿದ್ದು 30 ಲಕ್ಷ, ಬಡ್ಡಿ 10.5%. 2022ರ ಆಗಸ್ಟ್‌ನಲ್ಲಿ 9 ಲಕ್ಷ, ಆಮೇಲೆ 2023ರ ಜನವರಿ, 2023ರ ಆಗಸ್ಟ್, 2024ರ ಜನವರಿಯಲ್ಲಿ ತಲಾ 7 ಲಕ್ಷ ಬಂತು. ಮಧ್ಯೆ ಒಂದು ರೂಪಾಯಿನೂ ಕಟ್ಟಿಲ್ಲ. 2025ರ ಜೂನ್ 1ಕ್ಕೆ ಬಾಕಿ 37 ಲಕ್ಷ 71 ಸಾವಿರ ಅಂತ ತೋರಿಸಿ, ಅದರ ಮೇಲೆ ಇಎಂಐ ಹಾಕಿದ್ದಾರೆ. ಕೇಳಿದರೆ "ಸಿಸ್ಟಮ್ ಲೆಕ್ಕ, ಸರಿ ಇರುತ್ತೆ" ಅಂತಾರೆ. ನಿಜವಾಗಲೂ ಸರಿನಾ ಸರ್?

ಉತ್ತರ:

ನನಗೆ ಸರಿ ಅನ್ನಿಸುತ್ತಿಲ್ಲ. ನೀವು ಕೊಟ್ಟ ತಿಂಗಳುಗಳ 1ನೇ ತಾರೀಖು ಹಿಡಿದು ಪೆನ್ಸಿಲ್‌ನಲ್ಲಿ ಲೆಕ್ಕ ಹಾಕಿದೆ. 36 ಲಕ್ಷ 84 ಸಾವಿರ ಬರಬೇಕು. ಸುಮಾರು 87 ಸಾವಿರ ಜಾಸ್ತಿ ಇದೆ. ಬಡ್ಡಿ ಸೇರುವುದು ಸಹಜ, ಅದರಲ್ಲಿ ಮೋಸ ಇಲ್ಲ. ಆದರೆ ಸೇರಿದ ರೀತಿ ಬೇರೆ ಇದ್ದಂತಿದೆ.

ನಾನು ಬ್ಯಾಂಕಿನ ಸಾಲ ವಿಭಾಗದಲ್ಲಿ ವರ್ಷಗಟ್ಟಲೆ ಕೂತು ರಿಟೈರ್ ಆದವನು. ಈಗ ವಿಜಯಪುರದಲ್ಲಿದ್ದೇನೆ, ತಿಕೋಟಾ ಕಡೆ ಸ್ವಲ್ಪ ದ್ರಾಕ್ಷಿ ಇದೆ. ಮಗಳಿಗೂ ಇದೇ ಥರದ ಸಾಲ ಮಾಡಿದ್ದೆ. ಅದರಲ್ಲಿ ನಾನೇ ಒಂದು ಕಡೆ ಎಡವಿದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಲೆಕ್ಕ. ಮೊರಟೋರಿಯಂ ಅಂದರೆ ಕಟ್ಟುವುದಕ್ಕೆ ಬಿಡುವು ಅಷ್ಟೇ, ಬಡ್ಡಿಗೆ ಬಿಡುವಲ್ಲ. ಯಾವ ದಿನ ಎಷ್ಟು ರೊಕ್ಕ ಬಿಡುಗಡೆ ಆಯಿತೋ ಆ ದಿನದಿಂದ ಅಷ್ಟಕ್ಕೆ ಬಡ್ಡಿ ಓಡುತ್ತದೆ. 10.5% ಅಂದರೆ 9 ಲಕ್ಷಕ್ಕೆ ತಿಂಗಳಿಗೆ 7,875 ರೂಪಾಯಿ. ಮೊದಲ ಕಂತಿಗೆ 34 ತಿಂಗಳಾಯಿತು, ಹಾಗಾಗಿ 2,67,750. ತಲಾ 7 ಲಕ್ಷದ ಕಂತಿಗೆ ತಿಂಗಳಿಗೆ 6,125. ಆ ಮೂರು ಕಂತಿಗೆ 29, 22 ಮತ್ತು 17 ತಿಂಗಳು, ಒಟ್ಟು 68. ಅದು 4,16,500 ಆಯಿತು. ಎರಡೂ ಸೇರಿ 6,84,250. ದಿನದ ಲೆಕ್ಕದಲ್ಲಿ ಹಾಕಿದರೆ ಸ್ವಲ್ಪ ಆಚೀಚೆ ಆಗುತ್ತದೆ, ಆದರೆ 87 ಸಾವಿರದಷ್ಟು ಆಗುವುದಿಲ್ಲ.

ಇದು ಸರಳ ಬಡ್ಡಿ. ಸರ್ಕಾರಿ ಬ್ಯಾಂಕುಗಳು ಹೆಚ್ಚಾಗಿ ಅನುಸರಿಸುವುದು ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯನ್ನು. ಅದರಲ್ಲಿ ಓದುವ ಅವಧಿಗೂ, ಅದರ ನಂತರದ ಬಿಡುವಿನ ಅವಧಿಗೂ ಸರಳ ಬಡ್ಡಿಯೇ. ಬಿಡುವು ಮುಗಿದ ದಿನ ಅಲ್ಲಿವರೆಗಿನ ಬಡ್ಡಿಯನ್ನೆಲ್ಲ ಒಂದೇ ಸಲ ಅಸಲಿಗೆ ಸೇರಿಸುತ್ತಾರೆ. ಬ್ಯಾಂಕಿನವರು ಇದನ್ನು ಕ್ಯಾಪಿಟಲೈಸ್ ಮಾಡೋದು ಅನ್ನುತ್ತಾರೆ. ಅಲ್ಲಿಂದ ಮುಂದೆ ಆ ಬಡ್ಡಿಗೂ ಬಡ್ಡಿ.

ನಿಮ್ಮದರಲ್ಲಿ ಏನಾಗಿರಬಹುದು ಅಂದರೆ, ಪ್ರತಿ ತಿಂಗಳೂ ಬಡ್ಡಿಯನ್ನು ಅಸಲಿಗೆ ಸೇರಿಸುತ್ತಾ ಹೋಗಿದ್ದಾರೆ. ಅಂದರೆ ಚಕ್ರಬಡ್ಡಿ. ಅದೇ ನಾಲ್ಕು ಕಂತಿಗೆ ತಿಂಗಳ ಚಕ್ರಬಡ್ಡಿ ಹಾಕಿ ನೋಡಿದೆ, 37 ಲಕ್ಷ 71 ಸಾವಿರವೇ ಬಂತು. ಅದಕ್ಕೇ ಅನುಮಾನ ಗಟ್ಟಿಯಾಯಿತು.

ಆದರೂ ಬ್ಯಾಂಕಿಗೆ ಹೋಗಿ ಜಗಳ ತೆಗೆಯುವ ಮುಂಚೆ ಎರಡು ವಿಷಯ ನೋಡಿಕೊಳ್ಳಿ. ಒಂದು, 10.5% ಮೂರು ವರ್ಷವೂ ಅಷ್ಟೇ ಇದ್ದಿರಲಿಕ್ಕಿಲ್ಲ. ಸಾಲವನ್ನು ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಜೋಡಿಸಿದ್ದರೆ ಅದು ಮೇಲೆ ಕೆಳಗೆ ಆಗಿರುತ್ತದೆ. 2022ರ ಆಗಸ್ಟ್‌ನಲ್ಲಿ ರೆಪೊ 5.4% ಇತ್ತು, 2023ರ ಫೆಬ್ರುವರಿಗೆ 6.5% ಆಯಿತು, ಎರಡು ವರ್ಷ ಅಲ್ಲೇ ನಿಂತಿತು, 2025ರಲ್ಲಿ ಇಳಿಯತೊಡಗಿತು. ಆದರೆ ಬರೀ ದರ ಏರಿದ್ದರಿಂದಲೇ ಸರಳ ಬಡ್ಡಿ 7.71 ಲಕ್ಷ ಆಗಬೇಕಾದರೆ, ಸರಾಸರಿ ದರ 11.8% ಇರಬೇಕಿತ್ತು. ನಿಮ್ಮ ದರ ಅಷ್ಟು ಎತ್ತರಕ್ಕೆ ಹೋಗಿತ್ತಾ? ನೋಡಿ. ಎರಡು, ಸಾಲದ ಜೊತೆ ಜೀವವಿಮೆ ಅಂಟಿಸಿ, ಅದರ ಪ್ರೀಮಿಯಂ ಅನ್ನೂ ಸಾಲಕ್ಕೇ ಸೇರಿಸಿದ್ದಾರಾ ನೋಡಿ. ಸಹಿ ಹಾಕುವ ಗಡಿಬಿಡಿಯಲ್ಲಿ ಇದು ಎಷ್ಟೋ ಜನರ ಗಮನಕ್ಕೆ ಬರುವುದೇ ಇಲ್ಲ.

ಇನ್ನು ಸ್ಟೇಟ್‌ಮೆಂಟ್ ನೋಡುವ ಬಗೆ. ಇಲ್ಲಿ ಬಹಳ ಜನ ತಪ್ಪು ಜಾಗ ನೋಡುತ್ತಾರೆ. ಬಾಕಿ ತಿಂಗಳು ತಿಂಗಳು ಏರುತ್ತಿದೆ ಅಂದ ಮಾತ್ರಕ್ಕೆ ಚಕ್ರಬಡ್ಡಿ ಅಂತಲ್ಲ. ಸರಳ ಬಡ್ಡಿ ಇದ್ದರೂ ಕೆಲವು ಬ್ಯಾಂಕುಗಳು ಪ್ರತಿ ತಿಂಗಳ ಕೊನೆಗೆ ಬಡ್ಡಿಯನ್ನು ಖಾತೆಗೆ ಖರ್ಚು ಹಾಕುತ್ತವೆ, ಬಾಕಿ ಏರಿದಂತೆಯೇ ಕಾಣುತ್ತದೆ. ನೋಡಬೇಕಾದ್ದು ಬಾಕಿಯನ್ನಲ್ಲ, ಬಡ್ಡಿಯ ಸಾಲನ್ನು.

ನಿಮ್ಮ ಕೊನೆಯ ಕಂತು 2024ರ ಜನವರಿಯಲ್ಲಿ ಬಂದಿದೆ. ಅಲ್ಲಿಂದ ಆಚೆ ಅಸಲು 30 ಲಕ್ಷ, ಬದಲಾಗುವುದಿಲ್ಲ. ಹಾಗಾಗಿ 2024ರ ಮಾರ್ಚ್ ಮತ್ತು 2025ರ ಮಾರ್ಚ್, ಎರಡೂ 31 ದಿನದ ತಿಂಗಳು, ಎರಡನ್ನೂ ಪಕ್ಕಪಕ್ಕ ಇಟ್ಟುಕೊಳ್ಳಿ. ಸರಳ ಬಡ್ಡಿಯಾಗಿದ್ದರೆ ಎರಡರಲ್ಲೂ ಸುಮಾರು 26,750 ರೂಪಾಯಿ ಇರಬೇಕು. ಚಕ್ರಬಡ್ಡಿಯಾಗಿದ್ದರೆ ಮೊದಲನೆಯದು 29,500ರ ಹತ್ತಿರ, ಎರಡನೆಯದು 32,700 ದಾಟಿರುತ್ತದೆ. ದರ ಏರಿದ್ದರೆ ಬಡ್ಡಿ ಒಂದು ತಿಂಗಳು ದಪ್ಪಂತ ಮೇಲೆ ಹೋಗಿ ಅಲ್ಲೇ ನಿಲ್ಲುತ್ತದೆ. ಚಕ್ರಬಡ್ಡಿ ಹಾಗಲ್ಲ, ತಿಂಗಳ ದಿನಗಳ ವ್ಯತ್ಯಾಸ ಬಿಟ್ಟರೆ ಪ್ರತಿ ತಿಂಗಳೂ ಇನ್ನೂರು ಮುನ್ನೂರು ರೂಪಾಯಿ ತೆವಳಿಕೊಂಡು ಏರುತ್ತದೆ. ಈ ತೆವಳುವುದನ್ನು ಕಂಡಿರೋ, ಮ್ಯಾನೇಜರ್ ಮುಂದೆ ಬೇರೆ ಸಾಕ್ಷಿ ಬೇಡ.

ಆಮೇಲೆ ಮಂಜೂರಾತಿ ಪತ್ರ ತೆಗೆದು ಬಡ್ಡಿಯ ಕಲಂ ಓದಿ. "ಸಿಂಪಲ್ ಇಂಟರೆಸ್ಟ್" ಅಂತ ಇದೆಯಾ, ಇಲ್ಲ "ಮಂತ್ಲಿ ರೆಸ್ಟ್ಸ್" ಅಂತ ಇದೆಯಾ? ಎರಡನೆಯದು ಅಂದರೆ ತಿಂಗಳಿಗೊಮ್ಮೆ ಅಸಲಿಗೆ ಸೇರಿಸುವುದು. ಕೆಲವು ಪತ್ರಗಳಲ್ಲಿ ಎರಡೂ ಇರುತ್ತವೆ, ಗಾಬರಿ ಬೇಡ. ಬಿಡುವಿನ ಅವಧಿಗೆ ಸರಳ, ಇಎಂಐ ಶುರುವಾದ ಮೇಲೆ ತಿಂಗಳ ಲೆಕ್ಕ ಅಂತ ಅದರರ್ಥ. ಪತ್ರದಲ್ಲೇ ಮೊದಲ ದಿನದಿಂದ ತಿಂಗಳ ಲೆಕ್ಕ ಅಂತ ಒಪ್ಪಿ ಸಹಿ ಹಾಕಿದ್ದರೆ ಮಾತ್ರ ಕೇಳುವುದಕ್ಕೆ ದಾರಿ ಕಡಿಮೆ. ಖಾಸಗಿ ಹಣಕಾಸು ಸಂಸ್ಥೆಗಳ ಸಾಲದಲ್ಲಿ ಇಂಥ ಷರತ್ತು ಸಾಮಾನ್ಯ. ಸರ್ಕಾರಿ ಬ್ಯಾಂಕಿನಲ್ಲಿ ನಾನು ಕಂಡದ್ದು ಬೇರೆ ಥರ: ಪತ್ರ ಸರಿ ಇರುತ್ತದೆ, ಖಾತೆ ತೆರೆಯುವಾಗ ಕಂಪ್ಯೂಟರ್‌ನಲ್ಲಿ ಒಂದು ಆಯ್ಕೆ ತಪ್ಪಾಗಿರುತ್ತದೆ. ಮೂರು ವರ್ಷ ಯಾರೂ ನೋಡಿರುವುದಿಲ್ಲ. "ಸಿಸ್ಟಮ್ ಲೆಕ್ಕ" ಅಂತ ಹೇಳುವವರೂ ನೋಡಿರುವುದಿಲ್ಲ.

87 ಸಾವಿರಕ್ಕೆ ಇಷ್ಟೊಂದು ಓಡಾಟ ಬೇಕಾ ಅಂತ ನಿಮ್ಮ ಮನೆಯಲ್ಲಿ ಕೇಳಬಹುದು. 10 ವರ್ಷದ ಅವಧಿ ಹಿಡಿದರೆ 36.84 ಲಕ್ಷಕ್ಕೆ ಇಎಂಐ ಸುಮಾರು 49,700. 37.71 ಲಕ್ಷಕ್ಕೆ 50,900ರ ಹತ್ತಿರ. ತಿಂಗಳಿಗೆ ಸಾವಿರದ ನೂರೆಪ್ಪತ್ತು ರೂಪಾಯಿ, 120 ತಿಂಗಳಿಗೆ 1 ಲಕ್ಷ 40 ಸಾವಿರ. ಸುಮ್ನೆ ಬಿಡುವ ಮೊತ್ತ ಅಲ್ಲ, ಅಲ್ವಾ?

ಬಡ್ಡಿ ಅಸಲಾಗುವುದು ಎಷ್ಟು ತೂಕ ಅನ್ನುವುದು ಮೊದಲ ಇಎಂಐನಲ್ಲೇ ಕಾಣುತ್ತದೆ. 49,700ರಲ್ಲಿ 32,200 ಬರೀ ಬಡ್ಡಿಗೆ ಹೋಗುತ್ತದೆ. ಸಾಲ ಕರಗುವುದು 17,500 ಮಾತ್ರ. 30 ಲಕ್ಷಕ್ಕೇ ಇಎಂಐ ಶುರುವಾಗಿದ್ದರೆ ತಿಂಗಳಿಗೆ 40,500 ಸಾಕಿತ್ತು.

ಹಾಗಾದರೆ ಓದುವಾಗಲೇ ತಿಂಗಳು ತಿಂಗಳು ಬಡ್ಡಿ ಕಟ್ಟಬೇಕಿತ್ತಾ ಅಂದರೆ, ಇಲ್ಲಿ ಒಂದು ಸೂಕ್ಷ್ಮ ಇದೆ. ನಿಮ್ಮ ಪ್ರಶ್ನೆಗೆ ಇದು ತಡವಾಯಿತು, ಆದರೆ ಈಗ ಸಾಲ ಮಾಡುತ್ತಿರುವವರು ಇದನ್ನು ಓದುತ್ತಿರಬಹುದು. ಚಕ್ರಬಡ್ಡಿಯ ಸಾಲವಾದರೆ ಎಷ್ಟು ಬೇಗ ಕಟ್ಟಿದರೆ ಅಷ್ಟು ಒಳ್ಳೆಯದು. ಸರಳ ಬಡ್ಡಿಯ ಸಾಲದಲ್ಲಿ ಕಟ್ಟದೆ ಉಳಿದ ಬಡ್ಡಿಗೆ ಮತ್ತೆ ಬಡ್ಡಿ ಬೀಳುವುದಿಲ್ಲ, ಕ್ಯಾಪಿಟಲೈಸ್ ಆಗುವ ದಿನದವರೆಗೂ. ಅಂದರೆ ಆ ರೊಕ್ಕವನ್ನು ಆರ್‌ಡಿಯಲ್ಲೋ ಎಫ್‌ಡಿಯಲ್ಲೋ ಇಟ್ಟು, ಆ ದಿನಕ್ಕೆ ಮುಂಚೆ ಒಟ್ಟಿಗೆ ಕಟ್ಟಿದರೂ ನಷ್ಟವಿಲ್ಲ, ಠೇವಣಿಯ ಬಡ್ಡಿ ನಿಮಗೇ ಉಳಿಯಿತು. ಇದಕ್ಕೆ ಒಂದು ಅಡ್ಡಿ ಇದೆ. ಓದುವ ಅವಧಿಯಲ್ಲಿ ಬಡ್ಡಿ ತಪ್ಪದೆ ಕಟ್ಟುವವರಿಗೆ ಕೆಲವು ಬ್ಯಾಂಕುಗಳು ದರದಲ್ಲಿ 1% ಬಿಡುತ್ತವೆ. 30 ಲಕ್ಷಕ್ಕೆ ಅದು ವರ್ಷಕ್ಕೆ 30 ಸಾವಿರ. ಆ ರಿಯಾಯಿತಿ ಇದ್ದರೆ ತಿಂಗಳು ತಿಂಗಳು ಕಟ್ಟುವುದೇ ಮೇಲು. ಬಾಯಿ ಮಾತಿಗೆ ಮರುಳಾಗಬೇಡಿ, ಪತ್ರದಲ್ಲಿ ಬರೆಸಿಕೊಳ್ಳಿ.

ನಾನು ಎಡವಿದ್ದು ಇಲ್ಲೇ. ಮಗಳ ಸಾಲದಲ್ಲಿ ರಿಯಾಯಿತಿ ಇರಲಿಲ್ಲ. ಹಾಗಾಗಿ ಒಣದ್ರಾಕ್ಷಿ ಮಾರಿದ ರೊಕ್ಕದಲ್ಲಿ 2 ಲಕ್ಷ ಎತ್ತಿಟ್ಟಿದ್ದೆ, ಕೊನೆಗೆ ಕಟ್ಟೋಣ ಅಂತ. ಮೊದಲ ಇಎಂಐ 10ನೇ ತಾರೀಖು ಅಂತ ಎಸ್ಎಂಎಸ್ ಬಂದಿತ್ತು. 10ರೊಳಗೆ ಹೋದರಾಯಿತು ಅಂದುಕೊಂಡು 4ಕ್ಕೆ ಶಾಖೆಗೆ ಹೋದೆ. ಬಡ್ಡಿ ಹಿಂದಿನ ತಿಂಗಳ ಕೊನೆಯ ದಿನವೇ ಅಸಲಿಗೆ ಸೇರಿ, ಇಎಂಐ ಕೂಡ ಫಿಕ್ಸ್ ಆಗಿಬಿಟ್ಟಿತ್ತು. ಕೌಂಟರ್‌ನಲ್ಲಿದ್ದ ಹುಡುಗಿ ಸ್ಕ್ರೀನ್ ತಿರುಗಿಸಿ ತೋರಿಸಿದಳು. 2 ಲಕ್ಷ ಕಟ್ಟಿದೆ, ಅದು ಅಸಲಿಗೆ ಜಮಾ ಆಯಿತು, ವ್ಯರ್ಥವೇನೂ ಆಗಲಿಲ್ಲ. ಆದರೆ ಇಎಂಐ ಹಳೆಯದೇ ನಿಂತಿತು, ಕಂತುಗಳ ಸಂಖ್ಯೆ ಮಾತ್ರ ಕಡಿಮೆಯಾಯಿತು. ನಾಲ್ಕು ದಿನ ಮುಂಚೆ ಹೋಗಿದ್ದರೆ ತಿಂಗಳಿಗೆ 2,700 ಕಡಿಮೆ ಇರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದ ಮಗಳಿಗೆ ಅದು ಸಣ್ಣ ಮೊತ್ತವಲ್ಲ. ಜೀವನವೆಲ್ಲ ಬೇರೆಯವರಿಗೆ ತಾರೀಖು ಹೇಳಿದವನು ನಾನು!

ಈಗ ನೀವು ಮಾಡಬೇಕಾದ್ದು. ತಮ್ಮನ ಹೆಸರಿನಲ್ಲಿ, ಜೊತೆಗೆ ಸಾಲಕ್ಕೆ ಸಹಿ ಹಾಕಿದವರ ಸಹಿಯೊಂದಿಗೆ, ಒಂದು ಅರ್ಜಿ ಬರೆಯಿರಿ. ಮೊದಲ ದಿನದಿಂದ ಇಲ್ಲಿವರೆಗಿನ ಬಡ್ಡಿಯ ಲೆಕ್ಕಪಟ್ಟಿ ಕೊಡಿ, ಮಂಜೂರಾತಿ ಪತ್ರದ ಪ್ರಕಾರ ಸರಳ ಬಡ್ಡಿಯಲ್ಲಿ ಮರುಲೆಕ್ಕ ಮಾಡಿ, ಹೆಚ್ಚಾದದ್ದನ್ನು ಆಯಾ ತಾರೀಖಿಗೇ ಹಿಂದಕ್ಕೆ ಹಾಕಿ ಅಂತ ಕೇಳಿ. "ಆಯಾ ತಾರೀಖಿಗೇ" ಅನ್ನುವುದು ಮುಖ್ಯ, ಇಲ್ಲದಿದ್ದರೆ ಆ 87 ಸಾವಿರದ ಮೇಲೆ ಆಮೇಲೆ ಬಿದ್ದ ಬಡ್ಡಿ ಹಾಗೇ ಉಳಿಯುತ್ತದೆ. ಪ್ರತಿಯ ಮೇಲೆ ಶಾಖೆಯ ಸೀಲು, ತಾರೀಖು ಹಾಕಿಸಿಕೊಳ್ಳಿ. 30 ದಿನದಲ್ಲಿ ಉತ್ತರ ಬರದಿದ್ದರೆ, ಅಥವಾ ಒಪ್ಪಿಗೆಯಾಗದ ಉತ್ತರ ಬಂದರೆ, ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ cms.rbi.org.in ನಲ್ಲಿ ದೂರು ಹಾಕಬಹುದು, ದುಡ್ಡು ಬೇಕಿಲ್ಲ. ಆ ಸೀಲು ಬಿದ್ದ ಪ್ರತಿ ಅಲ್ಲಿ ಕೆಲಸಕ್ಕೆ ಬರುತ್ತದೆ.

ಲೆಕ್ಕ ತಪ್ಪಿದೆ ಅಂತ ಸಿಟ್ಟಿನಲ್ಲಿ ಇಎಂಐ ಮಾತ್ರ ನಿಲ್ಲಿಸಬೇಡಿ. ತಮ್ಮನ ಸಿಬಿಲ್ ಜೊತೆ ಸಹಿ ಹಾಕಿದವರದ್ದೂ ಕೆಡುತ್ತದೆ, 90 ದಿನ ದಾಟಿದರೆ ಖಾತೆಯೇ ಎನ್‌ಪಿಎ, ಅಂದರೆ ಕೆಟ್ಟ ಸಾಲ, ಆಗುತ್ತದೆ. ಕಟ್ಟುತ್ತಲೇ ಕೇಳಿ. ಆ ಎರಡು ಮಾರ್ಚ್ ತಿಂಗಳ ಬಡ್ಡಿ ಎಷ್ಟಿದೆ ಅಂತ ಇಲ್ಲಿ ಬರೆಯಿರಿ, ಖಾತೆ ನಂಬರ್ ಹಾಕಬೇಡಿ. ನೋಡಿ ಹೇಳುತ್ತೇನೆ.